ಸೊಗಡವರೆ, ಶುಂಠಿ ಮಾರುವ ಸಂದೇಶವನ್ನು ತಿದ್ದಿ ಬರೆಯುವುದು ಹೇಗೆ: ಹಾಸನದ ರೈತ ಗುಂಪುಗಳಿಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಹಾಸನ ಸೀಮೆಯ ರೈತ ಗುಂಪುಗಳಿಂದ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಿಗೆ ಸಂದೇಶಗಳು ಹೋಗತೊಡಗುತ್ತವೆ. ಓದಿದವರು ಹತ್ತು ಜನ ಫೋನ್ ಮಾಡಿ ಅದದೇ ಪ್ರಶ್ನೆ ಕೇಳುತ್ತಾರೆ, ಕೊಳ್ಳುವವರು ಇಬ್ಬರೋ ಮೂವರೋ. ಬೆಲೆ ಹೆಚ್ಚಾಯಿತೇನೋ ಎಂದುಕೊಂಡು ಗುಂಪಿನವರು ಮುಂದಿನ ವಾರ ದರ ಇಳಿಸುತ್ತಾರೆ. ಆಗಲೂ ಬರುವುದು ಅದೇ ಪ್ರಶ್ನೆಗಳು. ತೊಂದರೆ ಬಹುತೇಕ ಬೆಲೆಯದ್ದಲ್ಲ. ಕಾಯನ್ನು ಕೈಯಲ್ಲಿ ಹಿಡಿದು ನೋಡಲಾಗದವರಿಗೆ ಬೇಕಾದ ವಿಷಯವೇ ಸಂದೇಶದಲ್ಲಿ ಇರುವುದಿಲ್ಲ.

ಸಾಮಾನ್ಯವಾಗಿ ಕಾಣಸಿಗುವ ಸಂದೇಶದ ಮಾದರಿ ಇದು:

> ನಮಸ್ಕಾರ ಆತ್ಮೀಯ ಗ್ರಾಹಕ ಬಂಧುಗಳೇ!! ನಮ್ಮ ರೈತರಿಂದ ನೇರವಾಗಿ ನಿಮ್ಮ ಮನೆ ಬಾಗಿಲಿಗೆ. ಈ ಸೀಸನ್ನಿನ ಫ್ರೆಶ್ ಸಾವಯವ ಸೊಗಡವರೆ, ಶುಂಠಿ, ಕಿತ್ತಳೆ, ಮೆಣಸು, ಕಾಫಿ ಪುಡಿ, ಜೇನುತುಪ್ಪ ಲಭ್ಯ. ಶುಂಠಿ ಚೀಲದ ಲೆಕ್ಕದಲ್ಲಿ, ಮಾರುಕಟ್ಟೆ ದರ. ಸ್ಟಾಕ್ ಸೀಮಿತ. ಬೇಗ ಸಂಪರ್ಕಿಸಿ. ಮಧ್ಯವರ್ತಿಗಳಿಲ್ಲ. ರೈತರನ್ನು ಬೆಂಬಲಿಸಿ.

ಇದನ್ನು ಅವರೆ ಮತ್ತು ಶುಂಠಿ ಎರಡಕ್ಕೇ ಇಳಿಸಿ, ಮೊದಲಿಂದ ಕೊನೆಯವರೆಗೆ ತಿದ್ದೋಣ. ಕಾಫಿ ಪುಡಿ, ಮೆಣಸು, ಜೇನುತುಪ್ಪ ತಿಂಗಳುಗಟ್ಟಲೆ ಇರುವ ಸರಕು. ಅವಕ್ಕೆ ಬೇರೆ ಸಂದೇಶ, ಬೇರೆ ದಿನ. ನಾಳೆಗೆ ಬಾಡುವ ಕಾಯಿಯ ಪಕ್ಕದಲ್ಲಿ ವರ್ಷವಿಡೀ ಸಿಗುವ ಜೇನನ್ನು ಕೂರಿಸಿದರೆ ಓದುವವರು ಎರಡನ್ನೂ ‘ಆಮೇಲೆ ನೋಡೋಣ’ ಎಂದು ಬದಿಗಿಡುತ್ತಾರೆ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಪುಸ್ತಕ, ಮುದ್ರೆ ಹಾಕಿಸಿದ ತಕ್ಕಡಿ, ಗ್ರಾಂ ತೋರಿಸುವ ಸಣ್ಣ ಅಡುಗೆಮನೆ ತಕ್ಕಡಿ, ಆ ವಾರದ ತೋಟದಿಂದಲೇ ತಂದ ಒಂದು ಕೆಜಿ ಅವರೆಕಾಯಿ, ಅರ್ಧ ಕೆಜಿ ಶುಂಠಿ, ಮತ್ತು ಆರ್ಡರ್ ತೆಗೆದುಕೊಳ್ಳುವ ಫೋನ್. ಬರೆಯುವ ಕೆಲಸ ಇವೆಲ್ಲ ಆದ ಮೇಲೆ. ತಿದ್ದಲು ಕೂತವರು ನೇರವಾಗಿ ಮಾತಿಗೆ ಕೈ ಹಾಕುವುದೇ ಮೊದಲ ತಪ್ಪು. ಅಂಕಿ ಕೈಯಲ್ಲಿಲ್ಲದಿದ್ದರೆ ‘ಫ್ರೆಶ್’ ಹೋಗಿ ‘ತಾಜಾ’ ಬರುತ್ತದೆ, ಬೇರೇನೂ ಬದಲಾಗುವುದಿಲ್ಲ.

## ಹಂತ 1: ಬಂದ ಪ್ರಶ್ನೆಗಳನ್ನು ಬರೆದುಕೊಳ್ಳಿ

ಹಿಂದಿನ ಎರಡು ಸಂದೇಶಗಳಿಗೆ ಬಂದ ಉತ್ತರಗಳನ್ನು ಫೋನಿನಲ್ಲಿ ತೆರೆಯಿರಿ. ಫೋನ್ ಎತ್ತಿದವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಚೀಲ ಅಂದ್ರೆ ಎಷ್ಟು ಕೆಜಿ?’, ‘ಯಾವತ್ತು ಬರುತ್ತೆ?’, ‘ಅರ್ಧ ಕೆಜಿ ಕೊಡ್ತೀರಾ?’, ‘ಅವರೆ ಸುಲಿದಿದ್ದಾ, ಕಾಯಾ?’, ‘ದುಡ್ಡು ಮೊದಲೇ ಹಾಕ್ಬೇಕಾ?’ ಹೀಗೆ ಅವರು ಕೇಳಿದ ಮಾತಿನಲ್ಲೇ ಬರೆಯಿರಿ, ಒಂದೊಂದರ ಮುಂದೆ ಎಷ್ಟು ಸಲ ಬಂತೆಂದು ಗೆರೆ ಎಳೆಯಿರಿ.

ಹೆಚ್ಚು ಗೆರೆ ಬಿದ್ದ ಪ್ರಶ್ನೆಗೆ ಉತ್ತರ ಸಂದೇಶದಲ್ಲಿ ಮೇಲೆ ಬರಬೇಕು. ಒಂದು ಎಚ್ಚರಿಕೆ: ‘ಬೆಲೆ ಎಷ್ಟು?’ ಎಂಬುದೇ ಎಲ್ಲಕ್ಕಿಂತ ಹೆಚ್ಚು ಬಂದಿದ್ದರೆ ಬೆಲೆ ದುಬಾರಿಯಾಯಿತೆಂದು ಅರ್ಥವಲ್ಲ. ಬೆಲೆ ಬರೆದೇ ಇಲ್ಲ ಎಂದರ್ಥ.

## ಹಂತ 2: ತೋಟದಿಂದ ನಿಜವಾದ ಪ್ರಮಾಣ ತರಿಸಿ

‘ಸ್ಟಾಕ್ ಸೀಮಿತ’ ಎಂದರೆ ಹತ್ತು ಕೆಜಿಯೂ ಆಗಬಹುದು, ಹತ್ತು ಕ್ವಿಂಟಲೂ ಆಗಬಹುದು. ಪ್ರತಿ ಬೆಳೆಗಾರರಿಂದ ಈ ಶುಕ್ರವಾರ ಎಷ್ಟು ಕೆಜಿ ಕೊಡಬಲ್ಲರೆಂದು ಕೇಳಿ, ಹೆಸರಿನ ಮುಂದೆ ಬರೆಯಿರಿ. ‘ಸುಮಾರಾಗಿ ಇದೆ’ ಎಂಬ ಉತ್ತರವನ್ನು ಒಪ್ಪಬೇಡಿ, ಕೆಜಿಯಲ್ಲೇ ಹೇಳಿಸಿ.

ನಮ್ಮ ಉದಾಹರಣೆಯಲ್ಲಿ ಮೂವರು ಅವರೆ ಬೆಳೆಗಾರರು 120, 90, 60 ಕೆಜಿ ಎನ್ನುತ್ತಾರೆ. ಒಟ್ಟು 270. ಅಷ್ಟನ್ನೂ ಮಾರಾಟಕ್ಕೆ ಹಾಕಬಾರದು. ಕೊಯ್ಲಿನ ದಿನ ಆಳು ಬರದೇ ಹೋಗಬಹುದು. ಮೋಡ ಮುಚ್ಚಿಕೊಂಡು ಕಾಯಿ ಬಲಿಯುವುದು ನಿಧಾನವಾಗಬಹುದು. ಆರಿಸುವಾಗ ಹುಳು ಬಿದ್ದದ್ದು, ತೀರಾ ಎಳೆಯದು, ಹಳದಿ ತಿರುಗಿದ್ದು ಎಂದು ಒಂದಷ್ಟು ಪಕ್ಕಕ್ಕೆ ಹೋಗಿಯೇ ಹೋಗುತ್ತದೆ. ಐದನೇ ಒಂದು ಪಾಲು, ಅಂದರೆ 54 ಕೆಜಿ ಕಳೆಯಿರಿ. ಉಳಿದದ್ದು 216. ಅದರಲ್ಲಿ 200 ಕೆಜಿಯನ್ನು ಎರಡು ಕೆಜಿಯ 100 ಪ್ಯಾಕ್ ಎಂದು ಘೋಷಿಸಿ. ಮಿಕ್ಕ 16 ಕೆಜಿ ತೂಕ ಕಡಿಮೆ ಬಿದ್ದವರಿಗೆ, ಕೆಟ್ಟದ್ದು ಸಿಕ್ಕವರಿಗೆ ತುಂಬಿಕೊಡಲು. ಕಡಿಮೆ ಹೇಳಿ ಮಿಕ್ಕದ್ದನ್ನು ಹಾಸನದ ಸಂತೆಯಲ್ಲಿ ಮಾರಿಕೊಳ್ಳಬಹುದು. ಹೆಚ್ಚು ಹೇಳಿ ಗೇಟಿನ ಮುಂದೆ ‘ಖಾಲಿಯಾಯ್ತು’ ಎಂದರೆ ಆ ಅಪಾರ್ಟ್‌ಮೆಂಟಿನಲ್ಲಿ ಮುಂದಿನ ವಾರ ಯಾರೂ ಹೆಸರು ಬರೆಸುವುದಿಲ್ಲ.

ಶುಂಠಿಯಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಶುಂಠಿ ವ್ಯಾಪಾರ ನಡೆಯುವುದು 60 ಕೆಜಿ ಚೀಲದ ಲೆಕ್ಕದಲ್ಲಿ. ಆಲೂರು, ಸಕಲೇಶಪುರದ ಕಡೆ ‘ಚೀಲಕ್ಕೆ ಇಷ್ಟು’ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ಮಲ್ಲೇಶ್ವರದ ಮನೆಯವರಿಗೆ ಚೀಲ ಎಂದರೆ ಕೈಯಲ್ಲಿ ಹಿಡಿಯುವ ತರಕಾರಿ ಚೀಲ. ಹಾಗಾಗಿ ಸಂದೇಶದಲ್ಲಿ ಚೀಲ, ಮೂಟೆ, ಮಣ ಯಾವುದೂ ಬೇಡ. ಎಲ್ಲವೂ ಕೆಜಿಯಲ್ಲಿ, ಎಲ್ಲವೂ ಪ್ಯಾಕ್ ಲೆಕ್ಕದಲ್ಲಿ. ಎರಡು ಚೀಲ ಕೀಳಿಸಿದರೆ 120 ಕೆಜಿ. ಅದರಲ್ಲಿ ಮಣ್ಣು, ಬೇರು, ಮುರಿದ ಚೂರು ಹೋದ ಮೇಲೆ ಎಷ್ಟು ಉಳಿಯಿತೆಂದು ತೂಗಿ ನೋಡಿಯೇ ಸಂಖ್ಯೆ ಬರೆಯಬೇಕು. ಈ ಉದಾಹರಣೆಯಲ್ಲಿ ಅರ್ಧ ಕೆಜಿಯ 180 ಪ್ಯಾಕ್ ಎಂದಿಟ್ಟುಕೊಳ್ಳೋಣ.

## ಹಂತ 3: ದಿನ, ವೇಳೆಯನ್ನು ಹಿಂದಿನಿಂದ ಲೆಕ್ಕ ಹಾಕಿ

ತಲುಪಿಸುವ ಗಳಿಗೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಶನಿವಾರ ಬೆಳಿಗ್ಗೆ 8ರಿಂದ 11ರವರೆಗೆ ಗೇಟಿಗೆ ತಲುಪಿಸಬೇಕು ಎಂದುಕೊಳ್ಳಿ. ಹಾಸನದಿಂದ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲದ ದಾರಿಯಲ್ಲಿ ಬೆಂಗಳೂರಿಗೆ ಹೆಚ್ಚುಕಡಿಮೆ 185 ಕಿ.ಮೀ. ಸರಕು ತುಂಬಿದ ಸಣ್ಣ ವಾಹನಕ್ಕೆ ನಾಲ್ಕು ಗಂಟೆ ಹಿಡಿಯಿರಿ. ನೆಲಮಂಗಲದಿಂದ ಈಚೆ ಬೆಳಗಿನ ಗದ್ದಲ ಶುರುವಾಗುವ ಮೊದಲೇ ಊರೊಳಗೆ ಇರಬೇಕೆಂದರೆ ರಾತ್ರಿ 3ಕ್ಕೆ ಹೊರಡಬೇಕು. ಅಂದರೆ ಶುಕ್ರವಾರ ರಾತ್ರಿಯೊಳಗೆ ಪ್ಯಾಕಿಂಗ್ ಮುಗಿದಿರಬೇಕು, ಸಂಜೆಯೊಳಗೆ ಕಾಯಿ ಒಂದೇ ಕಡೆ ಸೇರಿರಬೇಕು, ಮಧ್ಯಾಹ್ನದೊಳಗೆ ಕೊಯ್ಲು ನಡೆದಿರಬೇಕು.

ಕೊಯ್ಲನ್ನು ಬೆಳಗಿನ ಜಾವಕ್ಕೆ ತಳ್ಳಲು ಹೋಗಬೇಡಿ. ಇಬ್ಬನಿ ಕೂತ ಕಾಯನ್ನು ಹಾಗೇ ತುಂಬಿದರೆ ಒಳಗೆ ಬಿಸಿ ಹಿಡಿದು, ಮರುದಿನ ಬೆಳಿಗ್ಗೆಗೆ ಸಿಪ್ಪೆ ಕಪ್ಪಾಗಿ ಜಿಗುಟಾಗಿರುತ್ತದೆ. ಬಿಸಿಲೇರಿ ಕಾಯಿ ಒಣಗಿದ ಮೇಲೆ, ಹತ್ತು ಗಂಟೆಯಿಂದ ಕೊಯ್ಯಿಸಿ. ಗಾಳಿಯಾಡುವ ಕ್ರೇಟಿನಲ್ಲಿ ಸಾಗಿಸಿ, ನೆರಳಿನಲ್ಲಿ ತೆಳ್ಳಗೆ ಹರಡಿ ಆರಿಸಿ, ಬಲೆ ಚೀಲದಲ್ಲಿ ತುಂಬಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ.

ಇಷ್ಟಾದರೆ ಆರ್ಡರ್ ಮುಗಿಸುವ ವೇಳೆ ತಾನಾಗಿ ಸಿಗುತ್ತದೆ. ಎಷ್ಟು ಕೊಯ್ಯಬೇಕೆಂದು ಬೆಳೆಗಾರರಿಗೆ ಗುರುವಾರ ರಾತ್ರಿ ಹೇಳಬೇಕು, ಆದ್ದರಿಂದ ಆರ್ಡರ್ ಗುರುವಾರ ಸಂಜೆ 6ಕ್ಕೆ ಮುಗಿಯಬೇಕು. ಈ ಕಾರಣವನ್ನು ಸಂದೇಶದಲ್ಲೂ ಒಂದು ಸಾಲಿನಲ್ಲಿ ಹೇಳಿ. ‘ಆರ್ಡರ್ ನೋಡಿಕೊಂಡು ಮರುದಿನ ಕೊಯ್ಯುತ್ತೇವೆ’ ಎಂದು ತಿಳಿದರೆ ಕೊನೆ ಗಳಿಗೆಯನ್ನು ಜನ ಗೌರವಿಸುತ್ತಾರೆ. ಬರೀ ‘ಬೇಗ ಸಂಪರ್ಕಿಸಿ’ ಎಂದರೆ ಶುಕ್ರವಾರ ರಾತ್ರಿ ಹತ್ತಕ್ಕೂ ಫೋನ್ ಬರುತ್ತದೆ.

## ಹಂತ 4: ಒಂದು ಕೆಜಿ ಸುಲಿದು ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಅರ್ಧ ಗಂಟೆ ಇದು, ಗುಂಪುಗಳು ಬಿಟ್ಟುಬಿಡುವುದೂ ಇದನ್ನೇ. ಆರಿಸದೆ, ಒಟ್ಟು ರಾಶಿಯಿಂದ ಕೈಗೆ ಸಿಕ್ಕ ಹಾಗೆ ಒಂದು ಕೆಜಿ ಅವರೆಕಾಯಿ ತೂಗಿಕೊಳ್ಳಿ. ಮೊದಲ 100 ಕಾಯಿ ಬಿಡಿಸುವಾಗ ಎಷ್ಟರಲ್ಲಿ ಹುಳು ಇದೆ ಎಂದು ಎಣಿಸಿ. ಎಲ್ಲ ಸುಲಿದ ಮೇಲೆ ಕಾಳನ್ನು ತೂಗಿ.

ಕಾಳಿನ ತೂಕ ಕಾಯಿ ಎಷ್ಟು ಬಲಿತಿದೆ ಎನ್ನುವುದರ ಮೇಲೆ ಹೋಗುತ್ತದೆ. ಚೆನ್ನಾಗಿ ತುಂಬಿದ ಕಾಯಲ್ಲಿ ಅರ್ಧದ ಹತ್ತಿರ ಬರಬಹುದು, ಎಳೆಯದರಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ನಿಮ್ಮ ತಕ್ಕಡಿ 410 ಗ್ರಾಂ ತೋರಿಸಿದರೆ ‘ಸುಮಾರು 400 ಗ್ರಾಂ’ ಎಂದು ಬರೆಯಿರಿ. ಎರಡು ಕೆಜಿ ಕೊಂಡವರಿಗೆ 800 ಗ್ರಾಂ ಕಾಳು ಸಿಗುತ್ತದೆ. ಅದರಿಂದ ನಾಲ್ಕು ಜನರ ಮನೆಯಲ್ಲಿ ಒಂದು ದಿನ ಹುಳಿ, ಇನ್ನೊಂದು ದಿನ ಉಪ್ಪಿಟ್ಟು ಮಾಡಬಹುದೆಂದು ಅಡುಗೆ ಮಾಡುವವರು ತಾವೇ ಲೆಕ್ಕ ಹಾಕುತ್ತಾರೆ. ಈ ಸಾಲು ಇಲ್ಲದಿದ್ದರೆ ‘ಎರಡು ಕೆಜಿ ಜಾಸ್ತಿಯಾಯ್ತು, ಅರ್ಧ ಕೆಜಿ ಸಾಕು’ ಎನ್ನುವವರೇ ಹೆಚ್ಚು. ಸುಲಿದ ಕಾಳಿನ ಲೆಕ್ಕವೇ ಅವರ ತಲೆಯಲ್ಲಿರುವುದು, ನೀವು ಮಾರುತ್ತಿರುವುದು ಸಿಪ್ಪೆ ಸಮೇತದ ಕಾಯಿ. ಹಿತುಕಿದ ಬೇಳೆಯಾದರೆ ಸಿಪ್ಪೆಯ ತೂಕವೂ ಹೋಗಿ ಇನ್ನಷ್ಟು ಕಡಿಮೆಯಾಗುತ್ತದೆ. ‘ಹಿತುಕವರೆಗೆ ಕೊಳ್ಳುವವರು ಒಂದು ಪ್ಯಾಕ್ ಹೆಚ್ಚು ತಗೊಳ್ಳಿ’ ಎಂದು ಸೇರಿಸಿದರೆ ಅದು ವ್ಯಾಪಾರದ ಮಾತೂ ಹೌದು, ನಿಜವೂ ಹೌದು.

ಹುಳುವಿನ ಸಂಖ್ಯೆಯನ್ನು ಮುಚ್ಚಿಡಬೇಡಿ. ಅವರೆಗೆ ಕಾಯಿಕೊರಕ ಬೀಳುವುದು ಬೆಳೆದವರಿಗೆಲ್ಲ ಗೊತ್ತು, ಪಟ್ಟಣದಲ್ಲಿ ಹುಟ್ಟಿದವರಿಗೆ ಅದು ಕೆಟ್ಟ ಮಾಲಿನ ಗುರುತು. 100 ಕಾಯಲ್ಲಿ 4 ಸಿಕ್ಕಿದ್ದರೆ ‘ನೂರರಲ್ಲಿ ನಾಲ್ಕೈದು ಕಾಯಲ್ಲಿ ಹುಳು ಇರಬಹುದು’ ಎಂದು ಮೊದಲೇ ಬರೆಯಿರಿ. ಮೊದಲೇ ಹೇಳಿದರೆ ಅದು ಮಾಹಿತಿ, ಗ್ರೂಪಿನಲ್ಲಿ ಯಾರೋ ಫೋಟೊ ಹಾಕಿದ ಮೇಲೆ ಹೇಳಿದರೆ ಸಮಜಾಯಿಷಿ. ನೂರಕ್ಕೆ ಹತ್ತು ದಾಟಿದರೆ ಸಂದೇಶ ಬರೆಯುವುದನ್ನೇ ನಿಲ್ಲಿಸಿ, ಯಾರ ತೋಟದ್ದು ಎಂದು ನೋಡಿ ಆ ಪಾಲನ್ನು ಬೇರೆ ಇಡಿ.

ಇದೇ ಒಂದು ಕೆಜಿಯ ಫೋಟೊ ತೆಗೆಯಿರಿ. ಎಡಗಡೆ ಸುಲಿಯದ ಕಾಯಿ, ನಡುವೆ ಬಿಡಿಸಿದ ಒಂದು ಕಾಯಿ, ಬಲಗಡೆ ಬಟ್ಟಲಲ್ಲಿ ಕಾಳು. ನೆರಳಿನಲ್ಲಿ, ಹಗಲು ಬೆಳಕಿನಲ್ಲಿ. ಬಿಸಿಲಿನಲ್ಲಿ ತೆಗೆದರೆ ಹಸಿರು ಬಿಳಿಚಿಕೊಂಡು ಒಣಗಿದ ಹಾಗೆ ಕಾಣುತ್ತದೆ. ಹೋದ ವರ್ಷದ ಫೋಟೊ, ಇಂಟರ್ನೆಟ್ಟಿನಿಂದ ಎತ್ತಿಕೊಂಡ ಫೋಟೊ ಬೇಡ. ಬಂದ ಮಾಲಿಗೆ ಹೋಲಿಸಿ ನೋಡುವವರು ಇದ್ದೇ ಇರುತ್ತಾರೆ.

## ಹಂತ 5: ‘ತಾಜಾ’ ತೆಗೆದು ವೇಳೆ ಬರೆಯಿರಿ

ಅವರೆಯ ತಾಜಾತನ ಗಂಟೆಯ ಲೆಕ್ಕ, ಶುಂಠಿಯದ್ದು ವಾರದ ಲೆಕ್ಕ. ಎರಡಕ್ಕೂ ‘ಫ್ರೆಶ್’ ಎಂಬ ಒಂದೇ ಪದ ಅಂಟಿಸಿದರೆ ಎರಡರ ಬಗ್ಗೆಯೂ ಏನೂ ಹೇಳಿದಂತಾಗುವುದಿಲ್ಲ.

ಅವರೆಗೆ ಹೀಗೆ ಬರೆಯಬಹುದು: ‘ಶುಕ್ರವಾರ ಹಗಲು ಕೊಯ್ದದ್ದು, ಶನಿವಾರ ಬೆಳಿಗ್ಗೆ ನಿಮ್ಮ ಗೇಟಿಗೆ.’ ಅದರ ಜೊತೆಗೆ ಅವರೇ ಪರೀಕ್ಷಿಸಬಹುದಾದ ಒಂದು ಗುರುತು ಕೊಡಿ. ಒಳ್ಳೆಯ ಸೊಗಡವರೆಯ ಸಿಪ್ಪೆಯ ಮೇಲೆ ಎಣ್ಣೆ ಸವರಿದಂಥ ಅಂಟು ಇರುತ್ತದೆ, ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಬೆರಳಿಗೆ ಘಮ ಹತ್ತುತ್ತದೆ. ಕಾಯಿ ಹಸಿರಾಗಿರುತ್ತದೆ, ಒತ್ತಿದರೆ ಕಾಳು ಗಟ್ಟಿಯಾಗಿ ಸಿಗುತ್ತದೆ. ಈ ಸೊಗಡು ಕೊಯ್ದ ಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಆದ್ದರಿಂದ ಇಡುವ ಬಗೆಯನ್ನೂ ಹೇಳಬೇಕು: ತೊಳೆಯದೆ, ಪ್ಯಾಕಿನಿಂದ ತೆಗೆದು ಪೇಪರಿನ ಮೇಲೆ ಹರಡಿ, ಒಂದೆರಡು ದಿನದಲ್ಲಿ ಸುಲಿಯಿರಿ, ಸುಲಿದ ಕಾಳು ಫ್ರಿಜ್ಜಿನಲ್ಲಿಡಿ. ‘ಎರಡೇ ದಿನಕ್ಕೆ ಕಪ್ಪಾಯಿತು’ ಎಂಬ ದೂರು ಬಂದಾಗೆಲ್ಲ ಕೇಳಿ ನೋಡಿ, ಬಹಳ ಸಲ ಕಾಯಿ ಕವರಿನೊಳಗೆ ಕಟ್ಟಿಟ್ಟ ಹಾಗೇ ಇರುತ್ತದೆ.

ಶುಂಠಿಗೆ ಬೇಕಾದದ್ದು ಬೇರೆ. ಯಾವ ದಿನ ಕಿತ್ತದ್ದು, ಹೊಸದೋ ಹಳೆಯದೋ, ಮಣ್ಣಿನದೋ ತೊಳೆದದ್ದೋ, ಈ ಮೂರನ್ನು ಬರೆಯಿರಿ. ಹೊಸ ಶುಂಠಿಯ ಸಿಪ್ಪೆ ತೆಳು, ರಸ ಹೆಚ್ಚು, ನಾರು ಕಡಿಮೆ. ಬಲಿತದ್ದರ ಸಿಪ್ಪೆ ದಪ್ಪ, ಖಾರ ಜೋರು, ಬಹಳ ದಿನ ಇರುತ್ತದೆ. ಪಟ್ಟಣದವರು ತೊಳೆದ ಬಿಳಿ ಶುಂಠಿ ನೋಡಿ ಒಳ್ಳೆಯದೆಂದುಕೊಳ್ಳುತ್ತಾರೆ. ಆದರೆ ತೊಳೆದು ಸರಿಯಾಗಿ ಆರಿಸದೆ ಕಟ್ಟಿದ್ದು ಬೇಗ ಬೂಷ್ಟು ಹಿಡಿಯುತ್ತದೆ. ಮಣ್ಣು ಉದುರಿಸಿದ, ತೊಳೆಯದ ಶುಂಠಿ ಕೊಡುವುದಾದರೆ ಅದನ್ನು ಹೇಳಿ, ಕಾರಣವನ್ನೂ ಹೇಳಿ: ‘ತೊಳೆದಿಲ್ಲ, ಬುಟ್ಟಿಯಲ್ಲಿ ಗಾಳಿಯಾಡಲು ಬಿಟ್ಟರೆ ಎರಡು ಮೂರು ವಾರ ಇರುತ್ತದೆ.’ ಹೇಳದಿದ್ದರೆ ‘ತೂಕಕ್ಕೆ ಮಣ್ಣು ಹಾಕಿದ್ದಾರೆ’ ಎನ್ನುವವರು ಖಂಡಿತ ಒಬ್ಬರಾದರೂ ಇರುತ್ತಾರೆ. ಪ್ಯಾಕ್ ಮಾಡುವಾಗ ಮುರಿದ ಜಾಗ ಮೆತ್ತಗಾಗಿ ನೀರೊಡೆದ, ಕೆಟ್ಟ ವಾಸನೆ ಬರುವ ತುಂಡು ಕಂಡರೆ ಅದು ಕೊಳೆರೋಗದ ಗುರುತು. ಅಂಥ ಒಂದು ಬೆರಳು ಪ್ಯಾಕಿನಲ್ಲಿ ಉಳಿದರೂ ಪಕ್ಕದ್ದನ್ನು ಕೆಡಿಸುತ್ತದೆ.

‘ಸಾವಯವ’ ಎಂಬ ಪದದ ಬಗ್ಗೆಯೂ ಇಲ್ಲೇ ತೀರ್ಮಾನಿಸಿ. ಪಿಜಿಎಸ್-ಇಂಡಿಯಾ ಅಥವಾ ಎನ್‌ಪಿಒಪಿ ಪ್ರಮಾಣಪತ್ರ ಇದ್ದರೆ ಅದರ ಹೆಸರು ಬರೆಯಿರಿ. ಇಲ್ಲದಿದ್ದರೆ ಪದವನ್ನು ಬಿಟ್ಟು, ಮಾಡಿದ್ದನ್ನು ಬರೆಯಿರಿ: ‘ಹೂ ಬಿಟ್ಟ ಮೇಲೆ ಔಷಧಿ ಹೊಡೆದಿಲ್ಲ’ ಎನ್ನಿ, ಅದು ಮೂವರು ಬೆಳೆಗಾರರಿಗೂ ನಿಜವಾಗಿದ್ದರೆ ಮಾತ್ರ. ಒಬ್ಬರು ಹೊಡೆದಿದ್ದರೂ ಆ ಸಾಲನ್ನು ಹಾಕಬಾರದು, ಏಕೆಂದರೆ ಕಾಯಿ ಒಂದೇ ರಾಶಿಗೆ ಬೀಳುತ್ತದೆ.

## ಹಂತ 6: ಬೆಲೆ ಮತ್ತು ಆರ್ಡರ್ ಮಾಡುವ ಬಗೆ

‘ಮಾರುಕಟ್ಟೆ ದರ’ ಎಂದು ಬರೆದರೆ ಓದುವವರು ಯಾವ ಮಾರುಕಟ್ಟೆಯನ್ನು ನೋಡಬೇಕು? ಹಾಸನದ್ದೋ, ಬೆಂಗಳೂರಿನದ್ದೋ, ಫೋನಿನ ಆ್ಯಪಿನದ್ದೋ? ಒಂದು ಪ್ಯಾಕಿಗೆ ಇಷ್ಟು, ಸಾಗಣೆ ಸೇರಿ, ಈ ಶನಿವಾರಕ್ಕೆ ಮಾತ್ರ ಎಂದು ನಿಗದಿ ಮಾಡಿ. ಸಾಗಣೆಯನ್ನು ಬೇರೆಯಾಗಿ ಸೇರಿಸಿದರೆ ಪ್ರತಿಯೊಬ್ಬರೂ ತಮ್ಮ ಒಟ್ಟು ಎಷ್ಟೆಂದು ಕೇಳಲು ಫೋನ್ ಮಾಡುತ್ತಾರೆ. ವಾಹನ ಬಾಡಿಗೆಯನ್ನು ಒಟ್ಟು ಕೆಜಿಗೆ ಹಂಚಿ, ಬೆಲೆಯೊಳಗೇ ಸೇರಿಸಿಬಿಡಿ. ಜೊತೆಗೆ ಒಂದು ಗೇಟಿಗೆ ಕನಿಷ್ಠ ಎಷ್ಟು ಪ್ಯಾಕ್ ಆಗಬೇಕೆಂದೂ ಹೇಳಿ. ಎರಡು ಪ್ಯಾಕಿಗಾಗಿ ಊರ ಇನ್ನೊಂದು ತುದಿಗೆ ಗಾಡಿ ತಿರುಗಿಸಿದರೆ ಆ ದಿನದ ಲಾಭ ಡೀಸೆಲ್ಲಿಗೇ ಹೋಗುತ್ತದೆ.

ಆರ್ಡರ್ ಒಂದೇ ನಂಬರಿಗೆ, ಬರಹದಲ್ಲಿ ಮಾತ್ರ. ಮೂರು ನಂಬರು ಕೊಟ್ಟರೆ ಮೂರು ಪಟ್ಟಿ ಆಗುತ್ತವೆ, 100 ಪ್ಯಾಕಿಗೆ 130 ಜನ ಹೆಸರು ಬರೆಸಿರುತ್ತಾರೆ. ಏನು ಬರೆದು ಕಳಿಸಬೇಕೆಂಬ ಮಾದರಿಯನ್ನು ಸಂದೇಶದಲ್ಲೇ ಕೊಡಿ. ಬೆರಳು ಒತ್ತಿದರೆ ಮಾದರಿ ತಾನೇ ತುಂಬಿಕೊಳ್ಳುವ ಲಿಂಕ್ ಕೂಡ ಮಾಡಬಹುದು. ದೇಶದ ಸಂಖ್ಯೆ 91 ಸೇರಿಸಿ, ಪ್ಲಸ್ ಗುರುತು, ಮುಂದಿನ ಸೊನ್ನೆ, ನಡುವೆ ಜಾಗ ಯಾವುದೂ ಇಲ್ಲದೆ ನಿಮ್ಮ ನಂಬರು ಹಾಕಿ:

```
https://wa.me/91XXXXXXXXXX?text=AVARE:%0AGINGER:%0AFLAT:
```

ಇಲ್ಲಿ `%0A` ಎಂದರೆ ಮುಂದಿನ ಸಾಲಿಗೆ ಹೋಗು ಎಂದು. ಗ್ರೂಪಿಗೆ ಹಾಕುವ ಮೊದಲು ಬೇರೆಯವರ ಫೋನಿನಿಂದ ಒತ್ತಿ ನೋಡಿ. ಒಂದು ಅಂಕಿ ತಪ್ಪಿದ್ದರೆ ಆರ್ಡರೆಲ್ಲ ಯಾರೋ ಅಪರಿಚಿತರ ಪಾಲು.

ಹಣವನ್ನು ಆರ್ಡರ್ ಜೊತೆಗೇ ಕೇಳಬೇಡಿ. ಆರ್ಡರ್ ಬಂದ ವೇಳೆಯ ಪ್ರಕಾರ ಪುಸ್ತಕದಲ್ಲಿ ಬರೆದು, ‘ನಿಮ್ಮ 2 ಪ್ಯಾಕ್ ಖಾತ್ರಿ’ ಎಂದು ಉತ್ತರ ಕಳಿಸಿದ ಮೇಲೆ ಯುಪಿಐ ಮಾಡಲಿ. ಮಾಲು ಮುಗಿದ ಮೇಲೆ ಬಂದ ಹಣ ವಾಪಸ್ ಕಳಿಸುವುದರಲ್ಲೇ ಶುಕ್ರವಾರ ಕಳೆದುಹೋಗುವುದು ತಪ್ಪುತ್ತದೆ. ಹಣ ಕಳಿಸುವಾಗ ತೆರೆಯ ಮೇಲೆ ಯಾವ ಹೆಸರು ಬರುತ್ತದೆ ಎಂಬುದನ್ನು ಆ ಉತ್ತರದಲ್ಲಿ ಬರೆಯಿರಿ. ಗುಂಪಿನ ಹೆಸರು ಒಂದು, ಯುಪಿಐಯಲ್ಲಿ ಕಾಣುವ ಹೆಸರು ಇನ್ನೊಂದು ಆದರೆ ಜನ ಅನುಮಾನದಿಂದ ನಿಲ್ಲಿಸಿಬಿಡುತ್ತಾರೆ, ಅದು ಸರಿಯೂ ಹೌದು.

## ಹಂತ 7: ಜೋಡಿಸಿ

ಉದ್ದದ ಸಂದೇಶವನ್ನು ವಾಟ್ಸಾಪ್ ಪೂರ್ತಿ ತೋರಿಸುವುದಿಲ್ಲ, ಕೆಳಗಿನದ್ದು `Read more` ಹಿಂದೆ ಹೋಗುತ್ತದೆ. ಆದ್ದರಿಂದ ಏನು, ಯಾವತ್ತು, ಕೊನೆ ವೇಳೆ ಯಾವಾಗ ಎಂಬ ಮೂರೂ ಮೊದಲ ಮೂರು ಸಾಲಿನಲ್ಲೇ ಬರಲಿ. ನಮಸ್ಕಾರ ಬೇಕಿದ್ದರೆ ಒಂದು ಪದ ಸಾಕು. ದಿನಾಂಕವನ್ನು ವಾರದ ಹೆಸರು, ವರ್ಷ ಸಮೇತ ಬರೆಯಿರಿ. ಫಾರ್ವರ್ಡ್ ಆದ ಸಂದೇಶಕ್ಕೆ ಹುಟ್ಟಿದ ದಿನ ಅಂಟಿರುವುದಿಲ್ಲ. ‘ಈ ಶನಿವಾರ’ ಎಂದು ಬರೆದದ್ದು ಫೆಬ್ರವರಿಯಲ್ಲೂ ಸುತ್ತುತ್ತಿರುತ್ತದೆ.

ತಿದ್ದಿದ ಸಂದೇಶ ಹೀಗಾಗುತ್ತದೆ. ಬೆಲೆ, ತೂಕ, ದಿನಾಂಕ ಮಾದರಿಗೆ ಹಾಕಿದ್ದು, ನಿಮ್ಮವನ್ನು ತುಂಬಿಕೊಳ್ಳಿ:

> \*ಸೊಗಡವರೆ ಮತ್ತು ಹೊಸ ಶುಂಠಿ: ಹಾಸನದಿಂದ\*
> ತಲುಪುವುದು: ಶನಿವಾರ, 19 ಡಿಸೆಂಬರ್ 2026, ಬೆಳಿಗ್ಗೆ 8ರಿಂದ 11, ನಿಮ್ಮ ಗೇಟಿಗೆ
> ಆರ್ಡರ್ ಕೊನೆ: ಗುರುವಾರ 17ರ ಸಂಜೆ 6. ಆರ್ಡರ್ ನೋಡಿಕೊಂಡು ಶುಕ್ರವಾರ ಕೊಯ್ಯುತ್ತೇವೆ.
>
> \*ಸೊಗಡವರೆ ಕಾಯಿ (ಸುಲಿಯದ್ದು): 2 ಕೆಜಿ ಪ್ಯಾಕ್, ₹160\*
> ಶುಕ್ರವಾರ ಹಗಲು ಕೊಯ್ದದ್ದು. 2 ಕೆಜಿ ಸುಲಿದರೆ ಸುಮಾರು 800 ಗ್ರಾಂ ಕಾಳು. ನೂರರಲ್ಲಿ ನಾಲ್ಕೈದು ಕಾಯಲ್ಲಿ ಹುಳು ಇರಬಹುದು. ತೊಳೆಯದೆ ಹರಡಿಟ್ಟು ಎರಡು ದಿನದಲ್ಲಿ ಸುಲಿಯಿರಿ. ಒಟ್ಟು 100 ಪ್ಯಾಕ್ ಮಾತ್ರ.
>
> \*ಹೊಸ ಶುಂಠಿ: ಅರ್ಧ ಕೆಜಿ ಪ್ಯಾಕ್, ₹60\*
> ಗುರುವಾರ ಕಿತ್ತದ್ದು, ಮಣ್ಣು ಉದುರಿಸಿದೆ, ತೊಳೆದಿಲ್ಲ. ಗಾಳಿಯಾಡುವ ಬುಟ್ಟಿಯಲ್ಲಿ ಎರಡು ಮೂರು ವಾರ ಇರುತ್ತದೆ. ಒಟ್ಟು 180 ಪ್ಯಾಕ್.
>
> ಬೆಲೆಯಲ್ಲಿ ಸಾಗಣೆ ಸೇರಿದೆ. ಒಂದು ಗೇಟಿಗೆ ಕನಿಷ್ಠ 15 ಪ್ಯಾಕ್ ಆಗಬೇಕು.
>
> \*ಆರ್ಡರ್:\* 9XXXXXXXXX ನಂಬರಿಗೆ ವಾಟ್ಸಾಪ್ ಮಾತ್ರ. ಹೀಗೆ ಬರೆಯಿರಿ: ಅವರೆ 1, ಶುಂಠಿ 2, ಹೆಸರು, ಅಪಾರ್ಟ್‌ಮೆಂಟ್, ಫ್ಲ್ಯಾಟ್. ‘ಖಾತ್ರಿ’ ಎಂದು ಉತ್ತರ ಬಂದ ಮೇಲೆ ಹಣ ಕಳಿಸಿ.
> ಕೆಟ್ಟದ್ದು ಬಂದಿದ್ದರೆ ಶನಿವಾರ ರಾತ್ರಿ 8ರೊಳಗೆ ಫೋಟೊ ಕಳಿಸಿ, ಅಷ್ಟರ ಹಣ ವಾಪಸ್.

‘ಮಧ್ಯವರ್ತಿಗಳಿಲ್ಲ’, ‘ರೈತರನ್ನು ಬೆಂಬಲಿಸಿ’ ಎರಡೂ ಹೋಗಿವೆ. ಅವು ಸುಳ್ಳೆಂದಲ್ಲ, ಕೊಳ್ಳುವವರ ಯಾವ ಪ್ರಶ್ನೆಗೂ ಅವು ಉತ್ತರವಲ್ಲ.

ಈ ಬರಹವನ್ನು ಬಣ್ಣದ ಪೋಸ್ಟರಿನ ಒಳಗೆ ಅಚ್ಚು ಹಾಕಿಸಬೇಡಿ. ಚಿತ್ರದೊಳಗಿನ ನಂಬರನ್ನು ಒತ್ತಲು ಬರುವುದಿಲ್ಲ, ದಿನಾಂಕ ಹುಡುಕಿದರೆ ಸಿಗುವುದಿಲ್ಲ, ಸಣ್ಣ ಅಕ್ಷರ ವಯಸ್ಸಾದವರಿಗೆ ಕಾಣುವುದಿಲ್ಲ. ಹಂತ 4ರ ಫೋಟೊ ಒಂದು, ಅದರ ಕೆಳಗೆ ಬರಹ. ಕನ್ನಡ ಓದದವರು ಗ್ರೂಪಿನಲ್ಲಿದ್ದರೆ ಇಂಗ್ಲಿಷ್ ಸಂದೇಶ ಬೇರೆಯೇ ಇರಲಿ. ಎರಡನ್ನೂ ಸಾಲುಸಾಲಾಗಿ ಬೆರೆಸಿದರೆ ಇಬ್ಬರಿಗೂ ಓದುವುದು ಕಷ್ಟ.

## ಹಂತ 8: ಹೊರಗಿನವರಿಗೆ ತೋರಿಸಿ, ಆಮೇಲೆ ಕಳಿಸಿ

ಗುಂಪಿಗೆ ಸೇರದ, ಪೇಟೆಯಲ್ಲಿರುವ ಒಬ್ಬ ನೆಂಟರಿಗೆ ಸಂದೇಶ ಕಳಿಸಿ. ಐದು ನಿಮಿಷ ಬಿಟ್ಟು ಫೋನ್ ಮಾಡಿ, ಸಂದೇಶ ನೋಡದೆ ಹೇಳಿ ಎಂದು ನಾಲ್ಕು ಪ್ರಶ್ನೆ ಕೇಳಿ: ಯಾವತ್ತು ಬರುತ್ತೆ, ಯಾವಾಗಿನೊಳಗೆ ಹೇಳಬೇಕು, ಎರಡು ಪ್ಯಾಕ್ ಅವರೆಗೆ ಎಷ್ಟು ಕಾಳು ಸಿಗುತ್ತೆ, ದುಡ್ಡು ಯಾವಾಗ ಕೊಡಬೇಕು. ಯಾವುದಕ್ಕೆ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ, ಇಡೀ ಸಂದೇಶವನ್ನು ಮತ್ತೆ ಉದ್ದ ಮಾಡಬೇಡಿ.

ಕಳಿಸಿದ ಮೇಲೆ ಮೊದಲ ಹತ್ತು ನಿಮಿಷ ಫೋನ್ ಕೈಯಲ್ಲೇ ಇರಲಿ. ವಾಟ್ಸಾಪಿನಲ್ಲಿ ಕಳಿಸಿದ ಸಂದೇಶ ತಿದ್ದಲು ಸಿಗುವುದು 15 ನಿಮಿಷ ಮಾತ್ರ. ಮೊದಲ ಮೂರು ಪ್ರಶ್ನೆಗಳಲ್ಲಿ ಎರಡು ಒಂದೇ ಆಗಿದ್ದರೆ ಅಲ್ಲೇ ತಿದ್ದಿ. ಆ ಅವಧಿ ದಾಟಿದರೆ ಹಳೆಯದನ್ನು ಅಳಿಸಿ ಹೊಸದನ್ನು ಹಾಕುವುದು ಲೇಸು. ತಿದ್ದುಪಡಿಯನ್ನು ಕೆಳಗೆ ಬೇರೆ ಸಂದೇಶವಾಗಿ ಹಾಕಿದರೆ, ಫಾರ್ವರ್ಡ್ ಮಾಡುವವರು ಮೇಲಿನದ್ದನ್ನು ಮಾತ್ರ ಕಳಿಸುತ್ತಾರೆ.

## ಮಾಲು ಮುಗಿದಾಗ, ಮಳೆ ಬಂದಾಗ

100 ಪ್ಯಾಕ್ ಭರ್ತಿಯಾದ ಗಳಿಗೆಯಲ್ಲೇ, ಬುಧವಾರವಾದರೂ ಸರಿ, ಮೂಲ ಸಂದೇಶಕ್ಕೆ ಉತ್ತರವಾಗಿ ‘ಅವರೆ ಮುಗಿಯಿತು, ಶುಂಠಿ 70 ಪ್ಯಾಕ್ ಇದೆ’ ಎಂದು ಹಾಕಿ. ಅದಾದ ಮೇಲೆ ಬಂದ ಹೆಸರುಗಳನ್ನು ಮುಂದಿನ ವಾರದ ಪಟ್ಟಿಗೆ ಬರೆದುಕೊಳ್ಳಿ, ಅವರಿಗೆ ಹಾಗೆಂದು ತಿಳಿಸಿ.

ಶುಕ್ರವಾರ ಬೆಳಿಗ್ಗೆ ಮೋಡ ಕವಿದು ತುಂತುರು ಬಿದ್ದರೆ ಒದ್ದೆ ಕಾಯನ್ನು ಕೊಯ್ಯಿಸಬೇಡಿ. ಮಧ್ಯಾಹ್ನ 12ರೊಳಗೆ ತೀರ್ಮಾನಿಸಿ, ಖಾತ್ರಿ ಮಾಡಿದ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಸಂದೇಶ ಕಳಿಸಿ: ‘ಮಳೆಯಿಂದ ಅವರೆ ಒದ್ದೆಯಾಗಿದೆ, ಈಗ ಕೊಯ್ದರೆ ಕಪ್ಪಾಗುತ್ತದೆ. ಶನಿವಾರದ ಬದಲು ಸೋಮವಾರ ಬೆಳಿಗ್ಗೆ 8ರಿಂದ 11ರೊಳಗೆ ತರುತ್ತೇವೆ. ಬೇಡವೆಂದರೆ ಇವತ್ತೇ ಹಣ ವಾಪಸ್.’ ಗ್ರೂಪಿನಲ್ಲಿ ಮಾತ್ರ ಹಾಕಿದರೆ ಹಣ ಕೊಟ್ಟವರಲ್ಲಿ ಅರ್ಧ ಜನ ನೋಡಿರುವುದಿಲ್ಲ, ಶನಿವಾರ ಎಂಟಕ್ಕೆ ಗೇಟಿನ ಬಳಿ ನಿಂತಿರುತ್ತಾರೆ. ಶುಂಠಿಯನ್ನು ಅದೇ ಶನಿವಾರ ಕಳಿಸಬೇಕೇ, ಅವರೆಯ ಜೊತೆಗೆ ಸೋಮವಾರವೇ ಎಂಬುದನ್ನೂ ಅದೇ ಸಂದೇಶದಲ್ಲಿ ಹೇಳಿ. ಎರಡು ಸಲ ಗಾಡಿ ಹೋಗುವಷ್ಟು ಶುಂಠಿ ಆರ್ಡರ್ ಇಲ್ಲದಿದ್ದರೆ ಸೋಮವಾರವೇ ಸರಿ, ಶುಂಠಿ ಎರಡು ದಿನಕ್ಕೆ ಏನೂ ಆಗುವುದಿಲ್ಲ.